10000 ಎಂಎಎಚ್ ಪವರ್ ಬ್ಯಾಂಕ್: ಒಂದು ಮಳೆಗಾಲ ಬಳಸಿದ ಮೇಲೆ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 10000. ನನ್ನ ಫೋನಿನ ಬ್ಯಾಟರಿ 5000. ಎರಡು ಸಲ ಫುಲ್ ಆಗುತ್ತದೆ ಅಂತ ಅಂಗಡಿಯಲ್ಲೂ ಹೇಳಿದರು. ಮುಳ್ಳೇರಿಯದ ನಮ್ಮ ಮನೆಯಲ್ಲಿ ಆಗುವುದು ಇಷ್ಟೇ: ಒಂದು ಸಲ ಪೂರ್ತಿ ತುಂಬುತ್ತದೆ, ಮತ್ತೊಮ್ಮೆ ಸಿಕ್ಕಿಸಿದರೆ ಮೂವತ್ತು ಪರ್ಸೆಂಟ್ ದಾಟುವುದರೊಳಗೆ ಬ್ಯಾಂಕು ಖಾಲಿ.

ಪೀಸೇನೂ ಹಾಳಾಗಿಲ್ಲ. ಹಿಂಬದಿ ತಿರುಗಿಸಿ ನೋಡಿ, ಕನ್ನಡಕ ಇಲ್ಲದೆ ಓದಲಾಗದಷ್ಟು ಸಣ್ಣದಾಗಿ 'ರೇಟೆಡ್ ಕೆಪ್ಯಾಸಿಟಿ 5800 ಎಂಎಎಚ್, 5 ವೋಲ್ಟ್' ಅಂತ ಉಂಟು. ಮುಂದಿನ 10000 ಒಳಗಿನ ಸೆಲ್ಲಿನದು, ಅದೂ 3.7 ವೋಲ್ಟಿನಲ್ಲಿ, ಅಂದರೆ 37 ವ್ಯಾಟ್ ಅವರ್. ಅದನ್ನು 5 ವೋಲ್ಟಿಗೆ ಏರಿಸುವಾಗ ಒಂದಷ್ಟು ಬಿಸಿಯಾಗಿ ಹೋಗಿ, ಕೇಬಲಿಗೆ ಬರುವುದು 5.8 ಸಲ 5, ಅಂದರೆ 29. ನನ್ನ ಫೋನಿಗೆ ಬೇಕಾದ್ದು 19 ಚಿಲ್ಲರೆ, ಅದು ಚಾರ್ಜ್ ಆಗುವಾಗ ಬಿಸಿಗೆ ಹೋಗುವುದೂ ಸೇರಿದರೆ ಸುಮಾರು 22. ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತೆರಡು ಎಷ್ಟು ಸಲ? ಒಂದೂ ಕಾಲು, ಹೆಚ್ಚೆಂದರೆ ಒಂದು ಸಲ ಪೂರ್ತಿ, ಮೇಲೆ ಮೂವತ್ತು ಪರ್ಸೆಂಟ್. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ತೂಗಿ ಮಾರಿದ ಹಾಗಾಯಿತು. ಸುಳ್ಳಲ್ಲ, ಆದರೆ ಆ 5800 ಅನ್ನು ಮುಂದೆಯೇ ದಪ್ಪಕ್ಷರದಲ್ಲಿ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು ಮಾರಾಯ್ರೇ?

ಹಾಗಾದರೆ 20000ದ್ದೇ ತಗೊಳ್ಳಬಹುದಿತ್ತಲ್ಲ ಅಂತ ಭಾವ ಕೇಳಿದ. ಇಲ್ಲೇ ನನ್ನ ಸಿಟ್ಟು ಸ್ವಲ್ಪ ಇಳಿದದ್ದು. ನಮ್ಮಲ್ಲಿರುವುದು ಹಳೆಯ 10 ವ್ಯಾಟಿನ ಚಾರ್ಜರ್. ಅದರಲ್ಲಿ 20000ದ್ದು ತುಂಬಬೇಕಾದರೆ ಎಂಟೊಂಬತ್ತು ಗಂಟೆ ಬೇಕು. ಆಟಿಯ ಮಳೆಯಲ್ಲಿ ಅಷ್ಟು ಹೊತ್ತು ಬಿಡದೆ ಕರೆಂಟು ಇದ್ದರೆ ಪವರ್ ಬ್ಯಾಂಕಾದರೂ ಯಾಕೆ? ನನ್ನದು ಅದರ ಅರ್ಧ ಹೊತ್ತಿನಲ್ಲಿ ತುಂಬುತ್ತದೆ. ರಾತ್ರಿ ಊಟಕ್ಕೆ ಮೊದಲು ಮಿಕ್ಸಿಯ ಪಕ್ಕದ ಪ್ಲಗ್ಗಿಗೆ ಹಾಕುವುದು, ಮಲಗುವ ಮೊದಲು ಮೂರನೇ ಲೈಟು ಬಂತಾ ಅಂತ ಒಮ್ಮೆ ಇಣುಕುವುದು. ನಾಲ್ಕನೆಯದು ಮಿನುಗುತ್ತಾ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಫೋನನ್ನು ನೂರಕ್ಕೆ ಮುಟ್ಟಿಸುವ ಹಟ ಬಿಟ್ಟ ಮೇಲೆ ಇನ್ನೂ ಅನುಕೂಲವಾಯಿತು. ಎಂಬತ್ತು ದಾಟಿದ ಮೇಲೆ ಫೋನು ಕರೆಂಟು ಎಳೆಯುವುದನ್ನು ಕಡಿಮೆ ಮಾಡುತ್ತದೆ, ಬ್ಯಾಂಕಿನ ಒಳಗಿನ ಸರ್ಕ್ಯೂಟ್ ಮಾತ್ರ ತನ್ನ ಪಾಲು ತಿನ್ನುತ್ತಲೇ ಇರುತ್ತದೆ. ಇಪ್ಪತ್ತರಲ್ಲಿ ಸಿಕ್ಕಿಸಿ ಎಂಬತ್ತರಲ್ಲಿ ತೆಗೆದರೆ ಎರಡು ಸಲ ಆರಾಮವಾಗಿ ಸಿಗುತ್ತದೆ. ಚಾರ್ಜಿಗಿಟ್ಟು ವಿಡಿಯೋ ನೋಡುವವರಿಗೆ ಈ ಲೆಕ್ಕ ಹಿಡಿಯುವುದಿಲ್ಲ.

ಮನೆಯಲ್ಲಿ ಎರಡು ಫೋನಿದ್ದು 18 ವ್ಯಾಟಿನ ಚಾರ್ಜರೂ ಇದ್ದರೆ ದೊಡ್ಡದು ತಗೊಳ್ಳಿ. ಒಬ್ಬರಿಗೆ, ಬಸ್ಸಿನಲ್ಲಿ ಜೇಬಿಗೆ ಹಾಕಿಕೊಂಡು ಓಡಾಡುವವರಿಗೆ ಇದು ಸಾಕು. ಯಾವುದೇ ಕಂಪೆನಿಯದಾದರೂ ರೇಟೆಡ್ ಕೆಪ್ಯಾಸಿಟಿಯನ್ನೇ ಬರೆಯದ ಪೀಸ್ ಮಾತ್ರ ಬೇಡ.

ನನ್ನದರ ಮೇಲೆ ಈಗ ಉಳಿದ ತಕರಾರು ಒಂದೇ. ನೆಕ್‌ಬ್ಯಾಂಡ್ ಸಿಕ್ಕಿಸಿದರೆ ಅದು ಎಳೆಯುವ ಕರೆಂಟು ತೀರಾ ಕಡಿಮೆ ಅಂತ ಬ್ಯಾಂಕು ತಾನಾಗಿ ಆಫ್ ಆಗುತ್ತದೆ, ಮತ್ತೆ ಮತ್ತೆ ಬಟನ್ ಒತ್ತಬೇಕು. ಅದಕ್ಕೆ ಒಂದು ಸ್ಟಾರ್ ಕಡಿಮೆ.