‘ಕಂಪನಿ ಬಗ್ಗೆ ಒಂದು ಬರೆದುಕೊಡಿ’ ಅಂತ ಒಂದೇ ಸಾಲು ಕಳಿಸುವ ಮುನ್ನ

ಸಣ್ಣ ವರ್ಕ್‌ಶಾಪ್ ನಡೆಸುವವರು, ಅವರಿಗೆ ಬ್ರೋಷರ್ ಬರೆದುಕೊಡುವವರು, ಇಬ್ಬರೂ ದಯವಿಟ್ಟು ಇದನ್ನು ಓದಿ.

ನಾನು ಪೀಣ್ಯದ ಒಂದು ಸಿಎನ್‌ಸಿ ಟರ್ನಿಂಗ್ ಶಾಪ್‌ನಲ್ಲಿ ಸೇಲ್ಸ್ ನೋಡಿಕೊಳ್ಳುತ್ತೇನೆ. ಬೇರೆ ಕಂಪನಿಗಳು ಡ್ರಾಯಿಂಗ್ ಕೊಡುತ್ತವೆ, ನಾವು ಶಾಫ್ಟ್, ಬುಷ್, ಪಿನ್ ಮಾಡಿಕೊಡುತ್ತೇವೆ. ತುಮಕೂರು ರಸ್ತೆಯ ಬಿಐಇಸಿಯಲ್ಲಿ ಒಂದು ಪ್ರದರ್ಶನಕ್ಕೆ ಸ್ಟಾಲ್ ತಗೊಂಡಿದ್ದೆವು. ನಮ್ಮ ಯಜಮಾನರು ಒಂದು ಏಜೆನ್ಸಿಗೆ ವಾಟ್ಸಾಪ್ ಮಾಡಿದರು: ‘ನಮ್ಮ ಕಂಪನಿ ಬಗ್ಗೆ ಚೆನ್ನಾಗಿ ಒಂದು ಬರೆದುಕೊಡಿ.’ ಆ ಕಡೆಯಿಂದ ‘ಆಯ್ತು ಸರ್’ ಅಂತ ಬಂತು. ಯಾರು ಓದುತ್ತಾರೆ, ಓದಿದವರು ಮುಂದೆ ಏನು ಮಾಡಬೇಕು ಅಂತ ಯಾರೂ ಕೇಳಲಿಲ್ಲ. ಸ್ವಲ್ಪ ದಿನಕ್ಕೆ ಡ್ರಾಫ್ಟೇ ಬಂತು.

ಗೋಳು ಶುರುವಾಗಿದ್ದು ಆಗ. ತಂದೆಯವರು ಒಂದು ಲೇತ್‌ನಿಂದ ಶುರು ಮಾಡಿದ ಕತೆ ಇನ್ನೂ ಬರಬೇಕು ಅಂದರು ಯಜಮಾನರು. ವಹಿವಾಟಿನ ಲೆಕ್ಕ ಹಾಕಿ, ಬ್ಯಾಂಕಿಗೂ ಇದನ್ನೇ ಕೊಡಬಹುದು ಅಂದರು ಅಕೌಂಟ್ಸ್‌ನವರು. ಆಪರೇಟರ್‌ಗಳು ಸಿಗುತ್ತಿಲ್ಲ, ಕ್ಯಾಂಟೀನ್, ಪಿಎಫ್ ಬಗ್ಗೆ ಸೇರಿಸಿ ಅಂದರು ಸೂಪರ್‌ವೈಸರ್. ಯಾರ ಮಾತೂ ತಪ್ಪಲ್ಲ. ಒಬ್ಬೊಬ್ಬರ ಮನಸ್ಸಲ್ಲಿ ಒಬ್ಬೊಬ್ಬ ಓದುಗ ಇದ್ದ, ಅಷ್ಟೇ. ನಿಮ್ಮ ಡ್ರಾಫ್ಟಿಗೂ ಹೀಗೆ ದಿಕ್ಕಿಗೊಂದು ತಿದ್ದುಪಡಿ ಬರುತ್ತಿದ್ದರೆ ಭಾಷೆ ತಿದ್ದುತ್ತಾ ಕೂರಬೇಡಿ. ಓದುಗ ಯಾರು ಅಂತಲೇ ಇನ್ನೂ ತೀರ್ಮಾನವಾಗಿಲ್ಲ.

ಏಜೆನ್ಸಿಯವರು ಎಲ್ಲರ ಮಾತನ್ನೂ ತುರುಕಿದರು. ಪ್ರಿಂಟ್ ಆಯ್ತು. ಸ್ಟಾಲ್‌ಗೆ ಬಂದವರಲ್ಲಿ ಜಾಸ್ತಿ ಜನ ದೊಡ್ಡ ಕಂಪನಿಗಳ ಪರ್ಚೇಸ್‌ನವರು. ಅವರು ನಿಂತುಕೊಂಡೇ ಪುಟ ತಿರುಗಿಸುತ್ತಾರೆ. ಯಾವ ಮೆಷಿನ್ ಇದೆ, ಎಷ್ಟು ಡಯಾ, ಎಷ್ಟು ಉದ್ದದ ತನಕ ಮಾಡ್ತೀರಿ, ಟಾಲರೆನ್ಸ್ ಎಷ್ಟು ಮೈಕ್ರಾನ್, ಅಳೆಯೋಕೆ ಏನಿದೆ, ಐಎಸ್‌ಒ 9001 ಇದೆಯಾ ಅಂತ ಹುಡುಕುತ್ತಾರೆ. ನಮ್ಮ ಬ್ರೋಷರ್‌ನಲ್ಲಿ ‘ಗುಣಮಟ್ಟವೇ ನಮ್ಮ ಉಸಿರು’ ಅಂತಿತ್ತು. ಒಬ್ಬರು ಅದನ್ನು ಟೇಬಲ್ ಮೇಲೇ ಇಟ್ಟು, ‘ಮೆಷಿನ್ ಲಿಸ್ಟ್ ಇದ್ರೆ ಮೇಲ್ ಮಾಡಿ’ ಅಂದು ಹೊರಟರು.

ಇನ್ನೊಂದು ಪೆಟ್ಟು ಆಮೇಲೆ ಬಿತ್ತು. ಚೆನ್ನಾಗಿ ಕಾಣಲಿ ಅಂತ ಏಜೆನ್ಸಿಯವರು ಒಬ್ಬ ಹಳೇ ಗ್ರಾಹಕರ ಪಾರ್ಟ್‌ನ ಫೋಟೋ ಹಾಕಿದ್ದರು. ಆ ಪಾರ್ಟ್ ಆಗಲಿ, ಅದರ ಡ್ರಾಯಿಂಗ್ ಆಗಲಿ ಹೊರಗೆ ತೋರಿಸಬಾರದು ಅಂತ ಒಪ್ಪಂದ ಇತ್ತು. ಆ ಕಂಪನಿಯಿಂದ ಫೋನ್ ಬಂತು. ಉಳಿದ ಬ್ರೋಷರ್ ಎಲ್ಲಾ ರದ್ದಿಗೆ ಹೋಯಿತು. ಇದು ಸ್ಟಾಲ್‌ನಲ್ಲಿ ಹಂಚೋದು, ಯಾರ ಕೈಗೆ ಬೇಕಾದರೂ ಹೋಗುತ್ತೆ ಅಂತ ಬರೆಯುವವರಿಗೆ ಮೊದಲೇ ಗೊತ್ತಿದ್ದರೆ, ಈ ಫೋಟೋ ಹಾಕಬಹುದಾ ಅಂತ ಒಂದು ಮಾತು ಕೇಳುತ್ತಿದ್ದರು, ಅಲ್ವಾ?

ಆಮೇಲೆ ಬೇರೊಬ್ಬ ಮೇಡಂಗೆ ಕೆಲಸ ಕೊಟ್ಟೆವು. ಅವರು ಯಜಮಾನರನ್ನು ಕೂರಿಸಿಕೊಂಡು, ‘ಸರ್, ಇದನ್ನ ಯಾರ ಕೈಗೆ ಕೊಡ್ತೀರಿ? ಓದಿದವರು ಮಾರನೇ ದಿನ ಏನು ಮಾಡಿದರೆ ನಿಮಗೆ ಲಾಭ?’ ಅಂತ ಕೇಳಿದರು. ಯಜಮಾನರು ತುಂಬಾ ಹೊತ್ತು ಯೋಚಿಸಿ, ‘ಪರ್ಚೇಸ್‌ನವರು ಡ್ರಾಯಿಂಗ್ ಕಳಿಸಿ ರೇಟ್ ಕೇಳಬೇಕು’ ಅಂದರು. ಆ ಒಂದು ಉತ್ತರದಿಂದ ಏನು ಇರಬೇಕು, ಏನು ಬೇಡ ಅನ್ನೋದು ತಾನಾಗಿಯೇ ಗೊತ್ತಾಯಿತು. ಮೊದಲ ಪುಟಕ್ಕೆ ಮೆಷಿನ್ ಪಟ್ಟಿ ಬಂತು. ಕೊನೆಯಲ್ಲಿ ಡ್ರಾಯಿಂಗ್ ಕಳಿಸೋ ಇಮೇಲ್, ಪಿಡಿಎಫ್ ಜೊತೆ ಪಾರ್ಟ್‌ನ 3ಡಿ ಮಾಡೆಲ್ ಇರೋ ಸ್ಟೆಪ್ ಫೈಲ್ ಕೊಡಿ ಅನ್ನೋ ಸೂಚನೆ, ರೇಟ್ ಎಷ್ಟು ದಿನದಲ್ಲಿ ಸಿಗುತ್ತೆ ಅನ್ನೋ ಮಾತು. ತಂದೆಯವರ ಕತೆ ಎರಡು ಸಾಲಿಗೆ ಇಳಿಯಿತು.

ಎಲ್ಲರಿಗೂ ಒಂದೇ ಬರಹ ಸಾಕು ಅನ್ನುವವರು ಇದನ್ನು ಗಮನಿಸಿ. ನಮ್ಮಲ್ಲಿ ಆಗ ಎರಡನೇ ಶಿಫ್ಟ್‌ನಲ್ಲಿ ಮೆಷಿನ್ ಖಾಲಿ ಇತ್ತು. ಪರ್ಚೇಸ್‌ನವರಿಗೆ ಅದು ಸಿಹಿ ಸುದ್ದಿ, ಅವರ ಆರ್ಡರ್ ಬೇಗ ಹಿಡಿಯಬಹುದು. ಅದೇ ಸಾಲನ್ನು ಹೊಸ ಮೆಷಿನ್‌ಗೆ ಸಾಲ ಕೇಳುವಾಗ ಬ್ಯಾಂಕ್ ಮ್ಯಾನೇಜರ್ ಓದಿದರೆ, ‘ಇರೋದೇ ಖಾಲಿ ಇದೆ, ಇನ್ನೊಂದು ಯಾಕೆ?’ ಅಂತಾರೆ. ಹೆಚ್ಚಿನ ಕೆಲಸ ಒಬ್ಬರೇ ಗ್ರಾಹಕರಿಂದ ಬರುತ್ತೆ ಅನ್ನೋದೂ ಹಾಗೆಯೇ. ಕೆಲಸ ಹುಡುಕುವ ಹುಡುಗನಿಗೆ ಅದು ‘ಇಲ್ಲಿ ಕೆಲಸ ನಿಲ್ಲಲ್ಲ’ ಅನ್ನೋ ಧೈರ್ಯ. ಹೊಸ ಗ್ರಾಹಕರಿಗೆ ಮಾತ್ರ ‘ನಮ್ಮ ಆರ್ಡರ್ ಹಿಂದೆ ಬೀಳುತ್ತೇನೋ’ ಅನ್ನೋ ಅನುಮಾನ.

ಬ್ಯಾಂಕಿನವರು ಕೇಳಿದರೆ ಏನನ್ನೂ ಮುಚ್ಚಿಡಬಾರದು, ಅದು ಬೇರೆ ಮಾತು. ಆದರೆ ಖಾಲಿ ಇರೋ ಮೆಷಿನ್‌ನಲ್ಲಿ ಆಗದ ಯಾವ ಕೆಲಸಕ್ಕೆ ಹೊಸದು ಬೇಕು, ಅದಕ್ಕೆ ಯಾವ ಆರ್ಡರ್ ಕೈಯಲ್ಲಿದೆ ಅಂತ ಅಲ್ಲಿ ವಿವರಿಸಬೇಕು. ಬ್ರೋಷರ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಹಾಗಾಗಿ ಮೇಡಂ ಬ್ಯಾಂಕಿಗೆ ಬೇರೆಯೇ ಒಂದು ಪುಟ ಮಾಡಿಸಿದರು. ಅದರ ಲೆಕ್ಕಗಳನ್ನು ಅಕೌಂಟ್ಸ್‌ನವರೇ ಕೂತು ಬರೆದರು.