ಮೇಲ್ ಫಿಲ್ಟರ್ ಸೇವೆ, ಎರಡು ವರ್ಷದ ಬಳಕೆ: ಸ್ಪ್ಯಾಮ್ ಹೋಯ್ತು, ಜೊತೆಗೆ ಮೇಲ್‌ನ ಬಾಲವೂ ಹೋಯ್ತು

5ಕ್ಕೆ 3 ಸ್ಟಾರ್

ಸ್ಪ್ಯಾಮ್ ತಡೆಯುವುದರಲ್ಲಿ ತಕರಾರಿಲ್ಲ. ಸ್ಟಾರ್ ಕಳೆದದ್ದು ಬೇರೆ ಕಾರಣಕ್ಕೆ.

ಸಹೋದ್ಯೋಗಿಯೊಬ್ಬರ ಮೇಲ್‌ಗಳಲ್ಲಿ ಕೆಲವು ಅರ್ಧಕ್ಕೇ ನಿಲ್ಲುತ್ತಿದ್ದವು. ಸಹಿ ಇಲ್ಲ, ಪಿಡಿಎಫ್ ಇಲ್ಲ, ಬಣ್ಣದ ಅಕ್ಷರವೂ ಇಲ್ಲ. "ಅಟ್ಯಾಚ್ ಮಾಡೋದು ಮರೆತ್ರಾ ಸರ್?" ಅಂತ ಎರಡು ಸಲ ಕೇಳಿದ್ದೆ, ಪಾಪ. ವಿಚಿತ್ರ ಅಂದ್ರೆ ಅವರು ಕನ್ನಡದಲ್ಲಿ ಬರೆದವು ಪೂರ್ತಿ ಬರುತ್ತಿದ್ದವು, ಇಂಗ್ಲಿಷಿನವು ಮಾತ್ರ ತುಂಡಾಗುತ್ತಿದ್ದವು.

ಕೊನೆಗೆ ಫಿಲ್ಟರ್‌ನ ಲಾಗ್ ತೆಗೆದೆ. ಅಲ್ಲಿ ಬಂದ ಗಾತ್ರ 412 ಕೆಬಿ, ನನ್ನ ಇನ್‌ಬಾಕ್ಸ್‌ನಲ್ಲಿ ಅದೇ ಮೇಲ್ 3 ಕೆಬಿ. ಮೇಲ್‌ನ ಮೂಲರೂಪ ತೆರೆದು ತಳಕ್ಕೆ ಹೋದೆ. ಅಟ್ಯಾಚ್‌ಮೆಂಟ್ ಇರುವ ಮೇಲ್‌ನ ಮೇಲ್ಭಾಗದಲ್ಲಿ `boundary` ಎಂಬ ಗುರುತು ಇರುತ್ತದೆ. ಮೇಲ್ ಪೂರ್ತಿ ಬಂದಿದ್ದರೆ ಅದೇ ಗುರುತು ತಳದಲ್ಲಿ, ಹಿಂದೆ ಮುಂದೆ ಎರಡೆರಡು ಅಡ್ಡಗೆರೆಯೊಂದಿಗೆ ಕಾಣಬೇಕು:

```
Content-Type: multipart/mixed; boundary="b7f2a1"
...
--b7f2a1--
```

ನನ್ನದರಲ್ಲಿ ಆ ಕೊನೆಯ ಸಾಲೇ ಇರಲಿಲ್ಲ. ಮೇಲೆ `dkim=fail (body hash did not verify)` ಅಂತಲೂ ಇತ್ತು, ಅಂದರೆ ಕಳಿಸಿದಾಗ ಇದ್ದ ಮೇಲ್‌ಗೂ ಬಂದದ್ದಕ್ಕೂ ತಾಳೆಯಾಗುತ್ತಿಲ್ಲ. ಫಿಲ್ಟರ್ ತಳದಲ್ಲಿ ಒಂದು ಎಚ್ಚರಿಕೆ ಸಾಲು ಸೇರಿಸಿದರೂ ಇದೇ ಬರುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ.

ಅವರು ಕಳಿಸಿದ ಪ್ರತಿಯ ಜೊತೆ ಹೋಲಿಸಿದಾಗ ಕಳ್ಳ ಸಿಕ್ಕ. ಪ್ಯಾರಾಗಳ ನಡುವೆ ಜಾಗ ಬಿಡಲು ಅವರು ಒಂದು ಸಾಲಿನಲ್ಲಿ ಬರೀ ಚುಕ್ಕಿ ಇಡುತ್ತಾರೆ. ಸರ್ವರ್‌ಗಳ ಭಾಷೆಯಲ್ಲಿ ಒಂಟಿ ಚುಕ್ಕಿಯ ಸಾಲು ಅಂದರೆ "ಮೇಲ್ ಮುಗಿಯಿತು". ಅದಕ್ಕೇ ಕಳಿಸುವ ಸರ್ವರ್ ಅಂಥ ಚುಕ್ಕಿಯನ್ನು ಎರಡು ಮಾಡಿ ಕಳಿಸುತ್ತದೆ, ಪಡೆಯುವುದು ಮತ್ತೆ ಒಂದು ಮಾಡಿಕೊಳ್ಳುತ್ತದೆ. ಈ ಫಿಲ್ಟರ್ ಅಲ್ಲಿಯವರೆಗೆ ಸರಿಯಾಗಿಯೇ ಮಾಡಿ, ತಪಾಸಣೆ ಮುಗಿದ ಮೇಲೆ ಮೇಲನ್ನು ಮುಂದೆ ಕಳಿಸುವ `sendmail` ಪ್ರೋಗ್ರಾಮ್‌ಗೆ ಕೊಡುವಾಗ `-i` ಎಂಬ ಆಯ್ಕೆ ಹಾಕುವುದನ್ನು ಬಿಟ್ಟಿತ್ತು. ಅದಿಲ್ಲದಿದ್ದರೆ `sendmail` ಒಂಟಿ ಚುಕ್ಕಿಗೇ ಓದು ನಿಲ್ಲಿಸುತ್ತದೆ. ಸಾದಾ ಪಠ್ಯ ಮೊದಲು, ಎಚ್‌ಟಿಎಂಎಲ್ ಮತ್ತು ಪಿಡಿಎಫ್ ಆಮೇಲೆ ಇರುವುದರಿಂದ ಅವೆಲ್ಲ ಒಟ್ಟಿಗೇ ಹೋದವು. ಕನ್ನಡದ ಮೇಲ್‌ಗಳು, ಪಠ್ಯವನ್ನೆಲ್ಲ ಸಂಕೇತಾಕ್ಷರಗಳಿಗೆ ತಿರುಗಿಸುವ ಬೇಸ್64 ರೂಪದಲ್ಲಿ ಬರುತ್ತಿದ್ದವು. ಅದರಲ್ಲಿ ಚುಕ್ಕಿ ಅನ್ನೋ ಅಕ್ಷರವೇ ಇಲ್ಲ, ಬಚಾವಾದವು!

ಸಪೋರ್ಟ್‌ನವರು ಮೂರು ಸಲ "ಕಳಿಸಿದವರನ್ನೇ ಕೇಳಿ" ಅಂದರು. ನಾಲ್ಕನೇ ಸಲ ಎರಡೂ ಪ್ರತಿ ಲಗತ್ತಿಸಿದ ಮೇಲೆ ಮರುದಿನವೇ ಸರಿಮಾಡಿದರು. ಹಳೆಯವು ವಾಪಸ್ ಬರಲಿಲ್ಲ, ಒಂದೊಂದಾಗಿ ಮತ್ತೆ ಕೇಳಿ ತರಿಸಿಕೊಂಡೆ.

ಇದೇ ತರಹದ ಸೇವೆ ಇದ್ದವರು ಹೊರಗಿನ ಖಾತೆಯಿಂದ ಇಂಗ್ಲಿಷಿನಲ್ಲಿ ನಿಮಗೇ ಒಂದು ಮೇಲ್ ಹಾಕಿ ನೋಡಿ: ಎರಡು ಸಾಲು, ಮಧ್ಯೆ ಒಂಟಿ ಚುಕ್ಕಿ, ಕೆಳಗೆ `END`, ಜೊತೆಗೊಂದು ಚಿಕ್ಕ ಫೈಲ್. ಅವರು ಅಪ್‌ಡೇಟ್ ಮಾಡಿದಾಗಲೆಲ್ಲ ನಾನು ಈಗಲೂ ಕಳಿಸಿ ನೋಡುತ್ತೇನೆ.