ಡಾಲರ್ ಬಾಕಿ ಸೊನ್ನೆ, ರೂಪಾಯಿ ಬಾಕಿ ಇಪ್ಪತ್ತು ಸಾವಿರ: ರಫ್ತು ಬಿಲ್ ಬರೆಯುವವರು ಗಮನಿಸಿ

ಒಂದು ಸಣ್ಣ ಕಾಫಿ ರಫ್ತು ಸಂಸ್ಥೆಯ ಪುಸ್ತಕದಲ್ಲಿ ವಿದೇಶಿ ಖರೀದಿದಾರನ ಹೆಸರಿನಲ್ಲಿ 20,000 ರೂಪಾಯಿ ಬಾಕಿ ನಿಂತಿತ್ತು. ಆತ ಬಿಲ್ಲಿನ ಹಣ ಪೂರ್ತಿ ಕಳಿಸಿ ತಿಂಗಳುಗಳೇ ಆಗಿದ್ದವು. ಆಫೀಸಿನವರು ಬಾಕಿ ಕೇಳಿ ಅವನಿಗೆ ಮೇಲ್ ಹಾಕಿದರು. ಅವನು ಪಾವತಿಯ ದಾಖಲೆ ತೋರಿಸಿದ. ಕೊನೆಗೆ ಆ ಮೊತ್ತವನ್ನು ವಸೂಲಾಗದ ಸಾಲವೆಂದು ರೈಟ್ ಆಫ್ ಮಾಡಿದರು. ಆಡಿಟ್‌ನಲ್ಲಿ ಮೊದಲು ಬಂದ ಪ್ರಶ್ನೆ ಅದೇ: ರಫ್ತಿನ ಹಣ ಬಿಟ್ಟುಬಿಡಲು ಬ್ಯಾಂಕಿಗೆ ತಿಳಿಸಿದ್ದೀರಾ? ಬ್ಯಾಂಕಿನ ದಾಖಲೆಯಲ್ಲಿ ಆ ಶಿಪ್ಪಿಂಗ್ ಬಿಲ್ಲಿಗೆ ಪೂರ್ತಿ ಹಣ ಬಂದಿದೆ ಎಂದೇ ಇತ್ತು. ಬಾಕಿಯೇ ಇರಲಿಲ್ಲ, ಅದನ್ನು ಹುಟ್ಟಿಸಿದ್ದು ಎರಡು ಜರ್ನಲ್ ಎಂಟ್ರಿಗಳು. ಇಂಥ ತಪ್ಪು ಎಷ್ಟೋ ಪುಸ್ತಕಗಳಲ್ಲಿ ಕೂತಿರುತ್ತದೆ, ಹಾಗಾಗಿ ಅದು ಹೇಗಾಯಿತು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಿದ್ದೇವೆ.

ಬಿಲ್ 20,000 ಡಾಲರಿನದು. ಫೆಬ್ರವರಿಯಲ್ಲಿ ಬಿಲ್ ಬರೆದ ದಿನದ ದರ 84.00. ಖರೀದಿದಾರನಿಗೆ 16,80,000 ಡೆಬಿಟ್, ಮಾರಾಟಕ್ಕೆ ಅಷ್ಟೇ ಕ್ರೆಡಿಟ್. ಇದು ಸರಿ. ವಹಿವಾಟು ನಡೆದ ದಿನದ ದರದಲ್ಲಿ ಬರೆಯಬೇಕು ಎಂದೇ ಎಎಸ್ 11 ಹೇಳುತ್ತದೆ. ಆಮೇಲೆ ಡಾಲರ್ ಏರಲಿ, ಇಳಿಯಲಿ, ಮಾರಾಟದ ಅಂಕಿ ಮತ್ತೆ ಬದಲಾಗುವುದಿಲ್ಲ. ಬದಲಾಗುವುದು ಬರಬೇಕಾದ ಬಾಕಿಯ ರೂಪಾಯಿ ಮೌಲ್ಯ ಮಾತ್ರ.

ಮಾರ್ಚ್ 31ಕ್ಕೆ ಹಣ ಬಂದಿರಲಿಲ್ಲ. ವರ್ಷಾಂತ್ಯದ ದರ 85.00. ಬಾಕಿಯನ್ನು 17,00,000ಕ್ಕೆ ಏರಿಸಿ, 20,000 ರೂಪಾಯಿಯನ್ನು ವಿನಿಮಯ ಲಾಭಕ್ಕೆ ಕ್ರೆಡಿಟ್ ಮಾಡಿದರು. ಇದೂ ಸರಿ. ಕೈಗೆ ಬಾರದ ಲಾಭವನ್ನು ಯಾಕೆ ತೋರಿಸಬೇಕು ಎಂದು ಕೇಳುವವರಿದ್ದಾರೆ. ಬಾಕಿ ಡಾಲರಿನಲ್ಲಿ ಇರುವವರೆಗೆ ಅದನ್ನು ವರ್ಷಾಂತ್ಯದ ದರಕ್ಕೆ ತರುವುದು ಕಡ್ಡಾಯ, ಲಾಭವಾದರೂ ನಷ್ಟವಾದರೂ.

ಎಡವಟ್ಟಾಗಿದ್ದು ಏಪ್ರಿಲ್‌ನಲ್ಲಿ. ಹಣ ಬಂದ ದಿನ ಬ್ಯಾಂಕು ಕೊಟ್ಟ ದರ 84.60. ಲೆಕ್ಕ ಬರೆಯುವವರು ಬಿಲ್ಲಿನ ಪ್ರತಿ ತೆಗೆದು, ಅದರಲ್ಲಿದ್ದ 84.00ಕ್ಕೆ ಹೋಲಿಸಿ, ಡಾಲರಿಗೆ 60 ಪೈಸೆಯಂತೆ 12,000 ರೂಪಾಯಿ ಲಾಭ ಬರೆದರು. ಕೂಡಿ ನೋಡಿ: ಹಿಂದಿನ ವರ್ಷ 20,000, ಈ ವರ್ಷ 12,000, ಒಟ್ಟು 32,000 ಲಾಭ. ನಿಜವಾಗಿ ಈ ಬಿಲ್ಲಿನಲ್ಲಿ ದರದಿಂದ ಸಿಕ್ಕಿದ್ದು ಆದಿಯಿಂದ ಅಂತ್ಯದವರೆಗೆ 12,000 ಮಾತ್ರ. ಹೆಚ್ಚಾದ 20,000 ಖರೀದಿದಾರನ ಲೆಡ್ಜರಿನಲ್ಲಿ ಬಾಕಿಯಾಗಿ ಉಳಿಯಿತು: 17,00,000ಕ್ಕೆ 12,000 ಸೇರಿ 17,12,000, ಅದರಲ್ಲಿ ಜಮೆಯಾಗಿದ್ದು 16,92,000.

ಹಣ ಬಂದಾಗ ಹೋಲಿಸಬೇಕಾದ್ದು ಬಿಲ್ಲಿನ ದರಕ್ಕಲ್ಲ, ಆ ಹೊತ್ತಿಗೆ ಬಾಕಿ ಪುಸ್ತಕದಲ್ಲಿ ಯಾವ ದರದಲ್ಲಿ ನಿಂತಿದೆಯೋ ಅದಕ್ಕೆ. ಇಲ್ಲಿ ಅದು 85.00. 84.60ಕ್ಕೆ ಬಂದರೆ ಡಾಲರಿಗೆ 40 ಪೈಸೆ ನಷ್ಟ, ಅಂದರೆ ಏಪ್ರಿಲ್‌ನಲ್ಲಿ 8,000 ರೂಪಾಯಿ ನಷ್ಟ. ಹಿಂದಿನ 20,000 ಲಾಭದಲ್ಲಿ ಇದನ್ನು ಕಳೆದರೆ ಸರಿಯಾಗಿ 12,000.

ಇನ್ನೊಂದು ದಾರಿಯೂ ಇದೆ. ಏಪ್ರಿಲ್ 1ರಂದು ವರ್ಷಾಂತ್ಯದ ಎಂಟ್ರಿಯನ್ನು ತಿರುಗಿಸಿ ಹಾಕಿ ಬಾಕಿಯನ್ನು ಮತ್ತೆ 16,80,000ಕ್ಕೆ ತಂದರೆ, ಆಗ ಬಿಲ್ಲಿನ ದರಕ್ಕೇ ಹೋಲಿಸಬಹುದು. ಹೊಸ ವರ್ಷದಲ್ಲಿ ತಿರುಗಿಸಿದ 20,000 ಖರ್ಚು, 12,000 ಲಾಭ, ನಿವ್ವಳ ಅದೇ 8,000 ನಷ್ಟ. ಎರಡೂ ಪದ್ಧತಿ ಸರಿ. ಒಂದರ ಮೊದಲರ್ಧ, ಇನ್ನೊಂದರ ಕೊನೆಯರ್ಧ ಸೇರಿದಾಗ ಮೇಲಿನ ಅನಾಹುತ ಆಗುತ್ತದೆ. ಮಾರ್ಚ್ ಎಂಟ್ರಿಯನ್ನು ಆಡಿಟರ್ ಕಡೆಯವರು ಹಾಕಿ, ಏಪ್ರಿಲ್ ರಸೀದಿಯನ್ನು ಆಫೀಸಿನವರು ಹಾಕುವ ಕಡೆ ಇದು ಸುಲಭವಾಗಿ ನಡೆಯುತ್ತದೆ. ತಿರುಗಿಸುತ್ತೇವೋ ಇಲ್ಲವೋ ಎಂಬುದನ್ನು ಮಾರ್ಚ್ ಎಂಟ್ರಿಯ ವಿವರಣೆಯಲ್ಲೇ ಬರೆದಿಡಿ.

ಅದೇ ರಸೀದಿಯಲ್ಲಿ ಎರಡನೇ ತಪ್ಪೊಂದು ಕಾದಿರುತ್ತದೆ. ಬ್ಯಾಂಕ್ ಖಾತೆಗೆ ಬಂದದ್ದು 16,92,000 ಅಲ್ಲ, 16,88,115. ನಡುವಿನ ವಿದೇಶಿ ಬ್ಯಾಂಕು 25 ಡಾಲರ್ ಹಿಡಿದುಕೊಂಡಿತ್ತು, ಅಂದರೆ 2,115 ರೂಪಾಯಿ. ಇಲ್ಲಿನ ಬ್ಯಾಂಕು 1,500 ರೂಪಾಯಿ ಶುಲ್ಕ ಮತ್ತು ಅದರ ಮೇಲೆ 270 ಜಿಎಸ್‌ಟಿ ಕಳೆದಿತ್ತು. ಎಷ್ಟೋ ಕಡೆ ನಿವ್ವಳ ಜಮೆಯನ್ನಷ್ಟೇ ನೋಡಿ, 17,00,000 ಬಾಕಿಯಲ್ಲಿ ಉಳಿದ 11,885 ಅಷ್ಟನ್ನೂ ವಿನಿಮಯ ನಷ್ಟಕ್ಕೆ ತಳ್ಳುತ್ತಾರೆ. ದರದ ನಷ್ಟ 8,000 ಮಾತ್ರ. ಹೀಗೆ ತಳ್ಳಿದರೆ 270 ರೂಪಾಯಿ ಇನ್‌ಪುಟ್ ಕ್ರೆಡಿಟ್ ಕೈತಪ್ಪುತ್ತದೆ. ಜೊತೆಗೆ ಬ್ಯಾಂಕು ವರ್ಷಕ್ಕೆ ಎಷ್ಟು ಶುಲ್ಕ ಹಿಡಿಯುತ್ತಿದೆ ಎಂಬುದೇ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ. ಬ್ಯಾಂಕಿನ ರೆಮಿಟೆನ್ಸ್ ಅಡ್ವೈಸ್ ತರಿಸಿಕೊಳ್ಳದೆ ರಸೀದಿ ಬರೆಯಬೇಡಿ. ಡಾಲರ್ ಮೊತ್ತ, ದರ, ಕಡಿತ ಮೂರೂ ಅದರಲ್ಲಿರುತ್ತವೆ. ಮಾರ್ಚ್ ಎಂಟ್ರಿ ತಿರುಗಿಸದಿದ್ದರೆ ಸರಿಯಾದ ಎಂಟ್ರಿ ಇದು:

ಬ್ಯಾಂಕ್ ಖಾತೆ, ಡೆಬಿಟ್ 16,88,115
ವಿದೇಶಿ ಬ್ಯಾಂಕ್ ಶುಲ್ಕ, ಡೆಬಿಟ್ 2,115
ಬ್ಯಾಂಕ್ ಶುಲ್ಕ, ಡೆಬಿಟ್ 1,500
ಜಿಎಸ್‌ಟಿ ಇನ್‌ಪುಟ್, ಡೆಬಿಟ್ 270
ವಿನಿಮಯ ನಷ್ಟ, ಡೆಬಿಟ್ 8,000
ಖರೀದಿದಾರ, ಕ್ರೆಡಿಟ್ 17,00,000 (20,000 ಡಾಲರ್)

ಬಿಲ್ ಬರೆಯುವ ದಿನದ ದರದಲ್ಲೂ ಒಂದು ಗೊಂದಲವಿದೆ. ಸರಕು ರಫ್ತಿನಲ್ಲಿ ಜಿಎಸ್‌ಟಿ ಮೌಲ್ಯಕ್ಕೆ ಕಸ್ಟಮ್ಸ್ ಪ್ರಕಟಿಸುವ ದರ ಬಳಸಬೇಕು ಎಂದು ಸಿಜಿಎಸ್‌ಟಿ ನಿಯಮ 34 ಹೇಳುತ್ತದೆ. ಅದು 83.60 ಇದ್ದರೆ ರಿಟರ್ನ್‌ನಲ್ಲಿ 16,72,000, ಪುಸ್ತಕದಲ್ಲಿ 16,80,000. ಎರಡು ಅಂಕಿ ಬೇರೆಬೇರೆ ಇರುವುದು ತಪ್ಪಲ್ಲ. ಆದರೆ ಈ ಎರಡರ ನಡುವಿನ 8,000 ವಿನಿಮಯ ಲಾಭವೂ ಅಲ್ಲ, ನಷ್ಟವೂ ಅಲ್ಲ. ಅದಕ್ಕೆ ಯಾವ ಜರ್ನಲ್ ಎಂಟ್ರಿಯೂ ಬೇಡ. ಬಿಲ್‌ವಾರು ಒಂದು ತಾಳೆಪಟ್ಟಿ ಇಟ್ಟುಕೊಳ್ಳಿ. ಜಿಎಸ್‌ಟಿಆರ್-9ಸಿ ಸಲ್ಲಿಸುವವರಿಗೆ 5ಎನ್ ಸಾಲಿನಲ್ಲಿ ಇಂಥ ವ್ಯತ್ಯಾಸ ತೋರಿಸಲು ಜಾಗವಿದೆ. ಸೇವೆ ರಫ್ತು ಮಾಡುವವರಿಗೆ ಈ ತಲೆನೋವು ಕಡಿಮೆ, ಅವರಿಗೆ ಲೆಕ್ಕಪತ್ರ ಪದ್ಧತಿಯ ದರವೇ ಜಿಎಸ್‌ಟಿಗೂ ಆಗುತ್ತದೆ.

ನಿಮ್ಮ ಪುಸ್ತಕದಲ್ಲಿ ಈ ತಪ್ಪು ಇದೆಯೇ ಎಂದು ನೋಡಲು, ವಿದೇಶಿ ಲೆಡ್ಜರುಗಳ ಬಾಕಿಯನ್ನು ಡಾಲರಿನಲ್ಲೂ ರೂಪಾಯಿಯಲ್ಲೂ ಪಕ್ಕಪಕ್ಕ ತೆಗೆಯಿರಿ. ಡಾಲರ್ ಸೊನ್ನೆಯಾಗಿ ರೂಪಾಯಿ ಮಾತ್ರ ಉಳಿದಿದ್ದರೆ, ಅದು ಯಾರೂ ಕೊಡಬೇಕಾದ ಹಣವಲ್ಲ. ಉಳಿದ ಮೊತ್ತ ಮಾರ್ಚ್ 31ರ ಎಂಟ್ರಿಗೆ ಪೈಸೆ ಬಿಡದೆ ಸಮನಾಗಿದ್ದರೆ, ಅದು ಎರಡು ಸಲ ಬರೆದ ಲಾಭ. ಟ್ಯಾಲಿಯಲ್ಲಿ ಬ್ಯಾಲೆನ್ಸ್ ಶೀಟಿನ ಮೇಲೆ `Unadjusted Forex Gain/Loss` ಎಂಬ ಸಾಲು ಕಂಡರೆ ಇನ್ನೂ ಎಂಟ್ರಿ ಆಗದ ವ್ಯತ್ಯಾಸವಿದೆ ಎಂದರ್ಥ. ಅದನ್ನು ಅಳಿಸುವ ಅವಸರದಲ್ಲಿ ಒಟ್ಟು ಮೊತ್ತಕ್ಕೆ ಒಂದೇ ಎಂಟ್ರಿ ಹಾಕಬೇಡಿ, ಯಾವ ಬಿಲ್ಲಿನಿಂದ ಎಷ್ಟು ಬಂತೆಂದು ನೋಡಿ. ರಸೀದಿಯನ್ನು `On Account` ಎಂದು ಹಾಕಿದ್ದರೆ ಮೊದಲು `Agst Ref` ಕೊಟ್ಟು ಆಯಾ ಬಿಲ್ಲಿಗೆ ಜೋಡಿಸಿ. ಜೋಡಣೆಯಾಗದ ಹೊರತು ಬಿಲ್‌ವಾರು ಲಾಭ-ನಷ್ಟ ಸಿಗುವುದಿಲ್ಲ.

ಹಣವನ್ನು ರೂಪಾಯಿಗೆ ಬದಲಿಸದೆ ಇಇಎಫ್‌ಸಿ ಖಾತೆಯಲ್ಲಿ ಡಾಲರಾಗಿಯೇ ಇಟ್ಟಿದ್ದರೆ, ಖರೀದಿದಾರನ ಬಾಕಿ ಹಣ ಬಂದ ದಿನದ ದರದಲ್ಲೇ ಮುಗಿಯುತ್ತದೆ. ಆಮೇಲೆ ಬದಲಿಸುವವರೆಗಿನ ಏರಿಳಿತ ಬ್ಯಾಂಕ್ ಖಾತೆಯದು. ಅದನ್ನು ಈ ಬಿಲ್ಲಿನ ಲೆಡ್ಜರಿಗೆ ತರಬೇಡಿ.